12 ವೋಲ್ಟ್ ಕೊಟ್ಟರೆ 21 ವೋಲ್ಟ್ ಏಕೆ?

12 ವೋಲ್ಟ್‌ನ ಡಿ.ಸಿ. ಸರಬರಾಜು. ಅದರಿಂದ ಹೊರಟ ತಂತಿಯಲ್ಲಿ 1 ಮಿಲಿಹೆನ್ರಿಯ ಇಂಡಕ್ಟರ್. ಅದರಾಚೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಸಮಾಂತರವಾಗಿ ಲೋಡ್ ಎನ್ನಿಸಿಕೊಳ್ಳುವ 6 ಓಮ್ ರೆಸಿಸ್ಟರ್. ಸ್ವಿಚ್ ಹಾಕಿದ ಸುಮಾರು 3 ಮಿಲಿಸೆಕೆಂಡಿಗೆ ಕೆಪಾಸಿಟರ್‌ನ ವೋಲ್ಟೇಜ್ 21ಕ್ಕೆ ಏರಿರುತ್ತದೆ! ಇದು ಹೇಗೆಂದು ತಿಳಿಯಲು ಎರಡೇ ಸಮೀಕರಣ ಸಾಕು.

ಮೊದಲು ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ನೋಡೋಣ. ರೆಸಿಸ್ಟರ್‌ಗೆ ನೆನಪಿಲ್ಲ, ಈ ಕ್ಷಣದ ವೋಲ್ಟೇಜ್ ಎಷ್ಟೋ ಅದಕ್ಕೆ ತಕ್ಕ ಕರೆಂಟ್ ಅಷ್ಟೇ. ಶಕ್ತಿ ಕೂಡಿಡುವವು ಉಳಿದೆರಡು: ಕೆಪಾಸಿಟರ್ ತನ್ನ ವೋಲ್ಟೇಜ್‌ನಲ್ಲಿ, ಇಂಡಕ್ಟರ್ ತನ್ನ ಕರೆಂಟ್‌ನಲ್ಲಿ. ಇವೆರಡೂ ದಿಢೀರನೆ ಬದಲಾಗಲಾರವು. ಈ ಕ್ಷಣದ ವೋಲ್ಟೇಜ್ v ಮತ್ತು ಕರೆಂಟ್ i ಗೊತ್ತಿದ್ದರೆ ಸರ್ಕ್ಯೂಟ್‌ನ ಹಿಂದಿನ ಕಥೆ ಬೇಕಿಲ್ಲ. ಅದಕ್ಕೇ ಇವನ್ನು ಸ್ಥಿತಿ ಚರಗಳು ಎನ್ನುತ್ತಾರೆ.

ಬರೆಯುವ ಕ್ರಮ ಸರಳ. ಕೆಪಾಸಿಟರ್ ಇರುವ ಸಂಧಿಯಲ್ಲಿ ಕಿರ್ಚಾಫ್‌ನ ಕರೆಂಟ್ ನಿಯಮ ಹಾಕಬೇಕು: ಇಂಡಕ್ಟರ್‌ನಿಂದ ಬಂದ i ನಲ್ಲಿ ಲೋಡ್ ಸೆಳೆದದ್ದನ್ನು ಕಳೆದರೆ ಉಳಿದದ್ದು ಕೆಪಾಸಿಟರ್‌ಗೆ. ಇಂಡಕ್ಟರ್ ಇರುವ ಸುತ್ತಿನಲ್ಲಿ ಅವನದೇ ವೋಲ್ಟೇಜ್ ನಿಯಮ: 12ರಲ್ಲಿ v ಕಳೆದರೆ ಉಳಿದದ್ದು ಇಂಡಕ್ಟರ್‌ನ ಮೇಲೆ.

```
C dv/dt = i - v/R
L di/dt = 12 - v
```

ಕಲಿಯುವವರು ಎಡವುವುದು ಮೊದಲ ಸಾಲಿನಲ್ಲಿ. ಲೋಡ್‌ನ ಕರೆಂಟಿಗೆ ಮತ್ತೊಂದು ಹೆಸರಿಟ್ಟು ಹಾಗೇ ಬಿಟ್ಟರೆ ಎರಡು ಸಮೀಕರಣಕ್ಕೆ ಮೂರು ಅಜ್ಞಾತಗಳಾಗುತ್ತವೆ. ಬಲಗಡೆ v, i ಮತ್ತು ಮೂಲದ ವೋಲ್ಟೇಜ್ ಮಾತ್ರ ಉಳಿಯಬೇಕು. ಆದ್ದರಿಂದ ಅದನ್ನು v/R ಎಂದೇ ಬರೆಯಬೇಕು. ಬರೆದದ್ದು ಸರಿಯೇ ಎಂದು ಪರೀಕ್ಷಿಸಲು ಎಡಗಡೆ ಎರಡನ್ನೂ ಸೊನ್ನೆ ಮಾಡಿ: v = 12 ವೋಲ್ಟ್, i = 2 ಆಂಪಿಯರ್ ಬರುತ್ತದೆ. ಎಲ್ಲ ಏರಿಳಿತ ನಿಂತ ಮೇಲೆ ಇರಬೇಕಾದದ್ದೂ ಇದೇ.

ಈಗ ಸ್ವಿಚ್ ಹಾಕೋಣ. ಶುರುವಿನಲ್ಲಿ ಎರಡೂ ಸೊನ್ನೆ. ಎರಡನೇ ಸಾಲಿನ ಪ್ರಕಾರ v 12ಕ್ಕಿಂತ ಕಡಿಮೆ ಇರುವವರೆಗೂ ಕರೆಂಟ್ ಏರುತ್ತಲೇ ಇರುತ್ತದೆ. ಸುಮಾರು 1.7 ಮಿಲಿಸೆಕೆಂಡಿಗೆ v 12 ಮುಟ್ಟುವಾಗ i 12 ಆಂಪಿಯರ್ ದಾಟಿರುತ್ತದೆ. ಲೋಡ್‌ಗೆ ಬೇಕಾದದ್ದು 2 ಮಾತ್ರ. ಮಿಕ್ಕ 10ಕ್ಕೂ ಹೆಚ್ಚು ಆಂಪಿಯರ್ ಎಲ್ಲಿಗೆ ಹೋಗಬೇಕು? ಕೆಪಾಸಿಟರ್‌ಗೇ. ಹೀಗಾಗಿ v 12ನ್ನು ದಾಟಿ ಏರುತ್ತದೆ. ಇಂಡಕ್ಟರ್ ಕರೆಂಟ್ ಇಳಿದಿಳಿದು ಲೋಡ್ ಸೆಳೆಯುವಷ್ಟೇ ಆದಾಗ ಏರಿಕೆ ನಿಲ್ಲುತ್ತದೆ. ಅಷ್ಟರಲ್ಲಿ v ಸುಮಾರು 21 ಆಗಿರುತ್ತದೆ. ಆಮೇಲೆ ಅದು ಮೇಲೆ ಕೆಳಗೆ ತುಯ್ದಾಡುತ್ತ 12ಕ್ಕೆ ಬಂದು ನೆಲೆಸುತ್ತದೆ.

ಇಲ್ಲಿ ತಂತಿಯ ಮತ್ತು ಇಂಡಕ್ಟರ್‌ನ ರೋಧವನ್ನು ಕೈಬಿಟ್ಟಿದ್ದೇವೆ. ನಿಜವಾದ ಬೋರ್ಡ್‌ನಲ್ಲಿ ಅದರಿಂದ ಶಿಖರ ಸ್ವಲ್ಪ ತಗ್ಗುತ್ತದೆ. ಇಂಡಕ್ಟರ್‌ನ ಕಬ್ಬಿಣದ ತಿರುಳು 12 ಆಂಪಿಯರ್‌ಗೆ ಮೊದಲೇ ಪರ್ಯಾಪ್ತವಾದರೆ L ಕುಸಿಯುತ್ತದೆ, ಸಮೀಕರಣವೂ ಸುಳ್ಳಾಗುತ್ತದೆ. ಆದರೂ 12 ವೋಲ್ಟ್ ತಾನೇ ಎಂದು 16 ವೋಲ್ಟ್‌ನ ಕೆಪಾಸಿಟರ್ ಹಾಕಲು ಹೊರಟವರನ್ನು ಈ ಎರಡು ಸಾಲು ತಡೆಯುತ್ತವೆ.