ಸಾವಿರ ಅಡಿ ಆಳಕ್ಕೆ ಇಳಿಬಿಟ್ಟ ಪೈಪ್ ಎಷ್ಟು ಹಿಗ್ಗುತ್ತದೆ?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಕೊರೆದ ಕೊಳವೆಬಾವಿ ಈಗ ಯಾರಿಗೂ ಹೊಸ ಸುದ್ದಿಯಲ್ಲ. ಅಷ್ಟು ಆಳದಿಂದ ನೀರೆತ್ತುವ ಸಬ್‌ಮರ್ಸಿಬಲ್ ಮೋಟಾರು ತಳದಲ್ಲಿ ಯಾವುದರ ಮೇಲೂ ಕೂತಿರುವುದಿಲ್ಲ. ಇಪ್ಪತ್ತು ಅಡಿ ಉದ್ದದ ಜಿಐ ಪೈಪುಗಳನ್ನು ಒಂದಕ್ಕೊಂದು ತಿರುಗಿಸಿ ಬಿಗಿದ ಸಾಲಿನ ತುದಿಗೆ ಅದು ನೇತುಬಿದ್ದಿರುತ್ತದೆ. ಸುಮಾರು ಐವತ್ತು ಪೈಪುಗಳ ಆ ಸಾಲನ್ನೆಲ್ಲ ಮೇಲೆ, ಕೇಸಿಂಗ್ ಬಾಯಿಯ ಮೇಲಿಟ್ಟ ಒಂದು ಕ್ಲಾಂಪ್ ಹಿಡಿದುಕೊಂಡಿರುತ್ತದೆ. ಕಬ್ಬಿಣವೇನೋ ಗಟ್ಟಿಯೇ, ಆದರೂ ಇಷ್ಟು ಭಾರ ಹೊತ್ತು ನೇತಾಡುವಾಗ ಅದು ಒಂದಿಷ್ಟು ಉದ್ದವಾಗಲೇಬೇಕು. ಎಷ್ಟು ಉದ್ದವಾಗುತ್ತದೆ ಎಂದು ಕೂತು ಲೆಕ್ಕ ಹಾಕಬಹುದು, ಆ ಲೆಕ್ಕದಿಂದ ಉಪಯೋಗವೂ ಇದೆ.

ಅಂಗಡಿಯಲ್ಲಿ ಜಿಐ ಪೈಪಿನ ಮೇಲೆ ಬಣ್ಣದ ಪಟ್ಟಿ ನೋಡಿರುತ್ತೀರಿ. ನೀಲಿ ಪಟ್ಟಿಯದು ಮಧ್ಯಮ ದಪ್ಪದ ‘ಬಿ ಕ್ಲಾಸ್’, ಕೆಂಪು ಪಟ್ಟಿಯದು ಹೆಚ್ಚು ದಪ್ಪದ ‘ಸಿ ಕ್ಲಾಸ್’. ಒಂದೂವರೆ ಇಂಚಿನ ಪೈಪನ್ನೇ ತೆಗೆದುಕೊಳ್ಳೋಣ. ಎರಡರ ಹೊರ ಅಳತೆ ಒಂದೇ, 48.3 ಮಿಲಿಮೀಟರ್. ಗೋಡೆಯ ದಪ್ಪ ಮಾತ್ರ ಬಿ ಕ್ಲಾಸಿನಲ್ಲಿ 3.2 ಮಿ.ಮೀ., ಸಿ ಕ್ಲಾಸಿನಲ್ಲಿ 4 ಮಿ.ಮೀ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಕಾಣುವ ಕಬ್ಬಿಣದ ವಿಸ್ತೀರ್ಣ ಮೊದಲನೆಯದರಲ್ಲಿ 453 ಚದರ ಮಿ.ಮೀ., ಎರಡನೆಯದರಲ್ಲಿ 557. ತೂಕ ಮೀಟರಿಗೆ 3.56 ಕೆಜಿ ಮತ್ತು 4.37 ಕೆಜಿ.

ಈಗ 300 ಮೀಟರ್ ಆಳದ ಬಾವಿಯೊಂದಕ್ಕೆ ಕೆಳಗಿನ 150 ಮೀಟರ್ ಬಿ ಕ್ಲಾಸ್, ಮೇಲಿನ 150 ಮೀಟರ್ ಸಿ ಕ್ಲಾಸ್ ಇಳಿಸಿದ್ದಾರೆ ಎಂದುಕೊಳ್ಳಿ. ತುದಿಯಲ್ಲಿ ಪಂಪು ಮೋಟಾರು ಸೇರಿ 70 ಕೆಜಿ. ಬಾವಿಯ ನೀರು ಬಹುತೇಕ ಪಂಪಿನ ಮಟ್ಟಕ್ಕೇ ಇಳಿದಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೇಲ್ಛಾವಣಿಗೆ ನೇತುಹಾಕಿದ ‘ಸ್ಟೆಪ್ಡ್ ಬಾರ್’ ಚಿತ್ರ ಬರೆದು ಬಿಡಿಸುವ ಲೆಕ್ಕ ಇದೇ.

ಮೂಲ ಸೂತ್ರ ಚಿಕ್ಕದು: δ = PL/AE. ಎಳೆಯುವ ಭಾರ P ಹೆಚ್ಚಿದಷ್ಟೂ, ಉದ್ದ L ಹೆಚ್ಚಿದಷ್ಟೂ ಪೈಪು ಹೆಚ್ಚು ಹಿಗ್ಗುತ್ತದೆ. ವಿಸ್ತೀರ್ಣ A ಹೆಚ್ಚಿದಷ್ಟೂ ಕಡಿಮೆ. E ಎನ್ನುವುದು ಆ ಲೋಹದ ಬಿಗಿತ. ಉಕ್ಕಿಗೆ ಅದು ಚದರ ಮಿ.ಮೀ.ಗೆ ಸುಮಾರು 20,400 ಕೆಜಿ. ಪೈಪಿನ ದಪ್ಪ ನಡುವೆ ಬದಲಾಗಿದ್ದರೆ ಒಂದೊಂದು ಭಾಗಕ್ಕೂ ಈ ಲೆಕ್ಕ ಬೇರೆ ಬೇರೆ ಮಾಡಿ ಕೊನೆಗೆ ಕೂಡಿಸಬೇಕು. ಪ್ರತಿ ಭಾಗದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರ ಕೆಳಗೆ ಏನೇನು ನೇತಾಡುತ್ತಿದೆ?

ಪೈಪಿನ ಸ್ವಂತ ತೂಕ ಬಂದಾಗ ಹಲವರು ಎಡವುತ್ತಾರೆ. ಕೆಳಗಿನ ಬಿ ಕ್ಲಾಸ್ ಭಾಗ ಒಟ್ಟು 534 ಕೆಜಿ ತೂಗುತ್ತದೆ. ಆ 534 ಕೆಜಿಯನ್ನು ಹಾಗೇ P ಎಂದು ಸೂತ್ರಕ್ಕೆ ಹಾಕಿದರೆ ಉತ್ತರ ಎರಡರಷ್ಟು ಬರುತ್ತದೆ. ಯಾಕೆಂದರೆ ಆ ಭಾಗದ ತೀರಾ ಕೆಳಗಿನ ಪೈಪು ತನ್ನ ಬಳಗದ ಭಾರ ಏನೂ ಹೊತ್ತಿಲ್ಲ. ಅದರ ಕೆಳಗೆ ಪೈಪೇ ಇಲ್ಲ. ನಡುವಿನದು ಅರ್ಧ ಹೊತ್ತಿದೆ. ತೀರಾ ಮೇಲಿನದು ಮಾತ್ರ ಪೂರ್ತಿ 534 ಕೆಜಿ ಹೊರುತ್ತದೆ. ಸರಾಸರಿ ನೋಡಿದರೆ ಅರ್ಧ, ಅಂದರೆ 267 ಕೆಜಿ. ಅಷ್ಟನ್ನು ಸೂತ್ರಕ್ಕೆ ಹಾಕಿದಾಗ ಸ್ವಂತ ತೂಕದಿಂದ ಆಗುವ ಹಿಗ್ಗು 4.3 ಮಿ.ಮೀ. ಎಂದು ಸಿಗುತ್ತದೆ.

ಮೇಲಿನ ಸಿ ಕ್ಲಾಸ್ ಭಾಗಕ್ಕೂ ಹೀಗೇ ಮಾಡಿ ನೋಡಿ. ಅದರ ತೂಕ 655 ಕೆಜಿ, ಅರ್ಧ 327.5. ವಿಸ್ತೀರ್ಣ 557. ಉತ್ತರ ಮತ್ತೆ 4.3 ಮಿ.ಮೀ. ಇದು ಆಕಸ್ಮಿಕವಲ್ಲ. ಗೋಡೆ ದಪ್ಪವಾದಷ್ಟೂ ಪೈಪಿನ ಬಲ ಹೆಚ್ಚುತ್ತದೆ, ಅಷ್ಟೇ ಪಾಲು ತೂಕವೂ ಹೆಚ್ಚುತ್ತದೆ. ಎರಡೂ ಒಂದನ್ನೊಂದು ಕಳೆದುಹಾಕುತ್ತವೆ. ನೇತಾಡುವ ಸರಳು ತನ್ನದೇ ಭಾರಕ್ಕೆ ಎಷ್ಟು ಹಿಗ್ಗುತ್ತದೆ ಎಂಬುದು ಅದರ ದಪ್ಪವನ್ನು ಕೇಳುವುದೇ ಇಲ್ಲ. ಕೇಳುವುದು ಉದ್ದವನ್ನು, ಅದೂ ವರ್ಗದ ಲೆಕ್ಕದಲ್ಲಿ. ಆಳ ಎರಡು ಪಟ್ಟಾದರೆ ಈ ಹಿಗ್ಗು ನಾಲ್ಕು ಪಟ್ಟು. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಇನ್ನು ನೀರು. ಮೋಟಾರು ಓಡುವಾಗ ಪೈಪಿನೊಳಗೆ ತಳದಿಂದ ಬಾಯಿಯವರೆಗೆ ನೀರು ತುಂಬಿರುತ್ತದೆ, ಹೆಚ್ಚುಕಡಿಮೆ 400 ಕೆಜಿ. ಪೈಪಿನ ತೂಕದಂತೆ ಇದು ಉದ್ದಕ್ಕೂ ಹಂಚಿಹೋಗುವುದಿಲ್ಲ. ನೇರ ಗೋಡೆಗೆ ನೀರು ಅಂಟಿ ಜೋತುಬೀಳಲಾರದು. ಅದರ ಭಾರ ತಳದಲ್ಲಿರುವ ಪಂಪು ಮತ್ತು ವಾಲ್ವಿನ ಮೇಲೆ ಕೂರುತ್ತದೆ. ಅಲ್ಲಿ ಬೀಳುವ ಭಾರ 414 ಕೆಜಿ. ಒಟ್ಟು ನೀರಿಗಿಂತ ತಳದ ಭಾರವೇ ಹೆಚ್ಚು ಹೇಗಾಯಿತು? ನಡುವೆ ಬಿ ಕ್ಲಾಸಿನಿಂದ ಸಿ ಕ್ಲಾಸಿಗೆ ಹೋಗುವಲ್ಲಿ ಒಳರಂಧ್ರ ಸ್ವಲ್ಪ ಕಿರಿದಾಗುತ್ತದೆ. ಆ ಕಿರಿದಾದ ಅಂಚನ್ನು ನೀರು ಕೆಳಗಿನಿಂದ ಸುಮಾರು 15 ಕೆಜಿ ಬಲದಲ್ಲಿ ಮೇಲಕ್ಕೆ ತಳ್ಳುತ್ತದೆ. 414ರಲ್ಲಿ 15 ಕಳೆದರೆ ನೀರಿನ ನಿಜವಾದ ತೂಕ ಬರುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಮೆಟ್ಟಿಲಿನ ಜಾಗಕ್ಕೆ ಒಂದು ಬಾಣ ಹಾಕಿರುತ್ತಾರಲ್ಲ, ನಮ್ಮ ಬಾವಿಯಲ್ಲಿ ಆ ಬಾಣ ಇದೇ.

ಈಗ ಕೂಡಿಸೋಣ. ಕೆಳಭಾಗದ ತುದಿಗೆ ನೇತಾಡುವುದು ಪಂಪು ಮತ್ತು ನೀರು ಸೇರಿ 484 ಕೆಜಿ. ಅದರಿಂದ 7.9 ಮಿ.ಮೀ., ಸ್ವಂತ ತೂಕದಿಂದ 4.3, ಒಟ್ಟು 12.2. ಮೇಲ್ಭಾಗದ ತುದಿಗೆ ಆ 484, ಬಿ ಕ್ಲಾಸ್ ಪೈಪುಗಳ 534, ಅದರಲ್ಲಿ ಮೇಲಕ್ಕೆ ತಳ್ಳುವ 15 ಕಳೆದು, 1003 ಕೆಜಿ. ಅದರಿಂದ 13.2 ಮಿ.ಮೀ., ಸ್ವಂತ ತೂಕದಿಂದ ಮತ್ತೆ 4.3, ಒಟ್ಟು 17.6. ಎರಡೂ ಸೇರಿ ಸುಮಾರು 30 ಮಿಲಿಮೀಟರ್. ಸಾವಿರ ಅಡಿ ಉಕ್ಕಿನ ಸಾಲು ಮೂರು ಸೆಂಟಿಮೀಟರ್ ಉದ್ದವಾಗಿದೆ. ದಪ್ಪ ಪೈಪಿರುವ ಮೇಲ್ಭಾಗವೇ ಹೆಚ್ಚು ಹಿಗ್ಗಿದ್ದನ್ನು ಗಮನಿಸಿ. ಭಾರವೆಲ್ಲ ಅದರ ಕುತ್ತಿಗೆಗೇ ಬಿದ್ದಿದೆ.

ಪೂರ್ತಿ ಸರಿಯಾದ ಲೆಕ್ಕ ಬೇಕೆಂದರೆ ಇದರಲ್ಲಿ ಸುಮಾರು 4 ಮಿ.ಮೀ. ಕಳೆಯಬೇಕು. ಒಳಗಿನ ನೀರಿನ ಒತ್ತಡಕ್ಕೆ ಪೈಪು ಅಡ್ಡಕ್ಕೆ ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ, ಅಡ್ಡಕ್ಕೆ ಉಬ್ಬಿದ್ದು ಉದ್ದದಲ್ಲಿ ಕುಗ್ಗುತ್ತದೆ. ಬರೀ δ = PL/AE ಇದನ್ನು ಹೇಳುವುದಿಲ್ಲ. ಕಪ್ಪು ಎಚ್‌ಡಿಪಿಇ ಪೈಪಿಗಂತೂ ಈ ಲೆಕ್ಕ ಇನ್ನೂ ಕಡಿಮೆ ನಂಬಿಕೆಯದು. ಅದರ ಬಿಗಿತ ಉಕ್ಕಿನ ಇನ್ನೂರರಲ್ಲಿ ಒಂದು ಪಾಲಿನ ಆಸುಪಾಸು. ತೂಕ ಕಡಿಮೆಯಿದ್ದರೂ 300 ಮೀಟರ್ ಇಳಿಬಿಟ್ಟರೆ ತನ್ನದೇ ಭಾರಕ್ಕೆ ಸುಮಾರು 40 ಸೆಂಟಿಮೀಟರ್ ಹಿಗ್ಗುತ್ತದೆ. ಪಂಪು, ನೀರಿನ ಭಾರಕ್ಕೆ ಆಗುವುದು ಬೇರೆ, ದಿನ ಕಳೆದಂತೆ ನಿಧಾನವಾಗಿ ಹೆಚ್ಚುತ್ತ ಹೋಗುವುದು ಬೇರೆ. ಅದರ ಜೊತೆ ಕಟ್ಟುವ ಕೇಬಲ್ಲನ್ನು ಬಿಗಿಯಾಗಿ ಎಳೆದು ಕಟ್ಟಿದರೆ, ಪೈಪು ಹಿಗ್ಗಿದಾಗ ಪಂಪಿನ ಭಾರ ತಂತಿಯ ಮೇಲೆ ಬೀಳುತ್ತದೆ. ಕಟ್ಟುಕಟ್ಟಿಗೂ ಒಂದಿಷ್ಟು ಸಡಿಲ ಬಿಡಲೇಬೇಕು.

ದಪ್ಪ ಪೈಪನ್ನು ಕೆಳಗೆ, ತೆಳುವನ್ನು ಮೇಲೆ ಹಾಕಿದ್ದರೆ? ಅದೇ ಪೈಪುಗಳು, ಅದೇ ದುಡ್ಡು. ಹಿಗ್ಗು 30ರ ಬದಲು 33 ಮಿ.ಮೀ. ಆಗುತ್ತಿತ್ತು, ದೊಡ್ಡ ವ್ಯತ್ಯಾಸವೇನಲ್ಲ. ಆದರೆ ಪೈಪು ಕಿತ್ತುಬರುವ ಭಯ ಬೇರೆ ಲೆಕ್ಕ. ಹಿಗ್ಗಲು ಉದ್ದ ಬೇಕು, ಮುರಿಯಲು ಒಂದೇ ಒಂದು ದುರ್ಬಲ ಜಾಗ ಸಾಕು. ಆ ಜಾಗ ಥ್ರೆಡ್ಡು. ಒಂದೂವರೆ ಇಂಚಿನ ಪೈಪಿಗೆ ಥ್ರೆಡ್ ಹಾಕುವಾಗ ಗೋಡೆಯಲ್ಲಿ ಸುಮಾರು ಒಂದೂವರೆ ಮಿ.ಮೀ. ಆಳ ಕೊರೆದುಹೋಗುತ್ತದೆ. ಸಿ ಕ್ಲಾಸಿನ 4 ಮಿ.ಮೀ. ಗೋಡೆಯಲ್ಲಿ ಎರಡೂವರೆ ಉಳಿಯುತ್ತದೆ. ಬಿ ಕ್ಲಾಸಿನಲ್ಲಿ ಹತ್ತಿರಹತ್ತಿರ ಅರ್ಧವೇ ಹೋಗುತ್ತದೆ. ಕ್ಲಾಂಪಿನ ಕೆಳಗಿನ ಮೊದಲ ಜೋಡಣೆ ಹೊರುವ ಒಟ್ಟು ಭಾರ ಸುಮಾರು 1,660 ಕೆಜಿ. ಸಿ ಕ್ಲಾಸ್ ಥ್ರೆಡ್ಡಿನ ಬುಡದಲ್ಲಿ ಅದು ಚದರ ಮಿ.ಮೀ.ಗೆ ಸುಮಾರು ಐದು ಕೆಜಿ ಎಳೆತ. ಬಿ ಕ್ಲಾಸ್ ಮೇಲಿದ್ದರೆ ಏಳು ಕೆಜಿ ದಾಟುತ್ತದೆ. ಹೊಸ ಉಕ್ಕು ಚದರ ಮಿ.ಮೀ.ಗೆ 32 ಕೆಜಿಯವರೆಗೆ ತಡೆಯುವುದರಿಂದ ಇಳಿಸಿದ ದಿನ ಎರಡೂ ನಿಲ್ಲುತ್ತವೆ. ವರ್ಷಗಟ್ಟಲೆ ತುಕ್ಕು ತಿಂದ ಮೇಲೆ, ಮೋಟಾರು ಶುರುವಾದಾಗಲೆಲ್ಲ ಜರ್ಕ್ ಹೊಡೆದ ಮೇಲೆ ನಿಲ್ಲುವುದು ಅಂಚಿನಲ್ಲಿ ಉಳಿಸಿಕೊಂಡ ಕಬ್ಬಿಣದ ಮೇಲೆ. ಹಾಗಾಗಿ ಬೆರಕೆ ಸಾಲು ಇಳಿಸುವುದಾದರೆ ಕೆಂಪು ಪಟ್ಟಿಯ ಪೈಪು ಮೇಲೇ ಇರಬೇಕು.

ಹಿಗ್ಗಿನ ಲೆಕ್ಕ ನೇರವಾಗಿ ಕೆಲಸಕ್ಕೆ ಬರುವುದು ಸಾಲು ಸಿಕ್ಕಿಹಾಕಿಕೊಂಡಾಗ. ಬಾವಿಯ ಗೋಡೆ ಕುಸಿದು, ಕಲ್ಲುಚೂರು ಬಿದ್ದು ಪೈಪು ಎಲ್ಲೋ ಕಚ್ಚಿಕೊಂಡಿದೆ. ಚೈನ್ ಪುಲಿ ಹಾಕಿ ಎಳೆದರೂ ಬರುತ್ತಿಲ್ಲ. ಎಲ್ಲಿ ಕಚ್ಚಿದೆ? ತೈಲಬಾವಿ ಕೊರೆಯುವವರು ಸಿಕ್ಕಿಬಿದ್ದ ಪೈಪನ್ನು ಹಿಗ್ಗಿಸಿ ನೋಡಿ ಇದನ್ನು ಕಂಡುಹಿಡಿಯುತ್ತಾರೆ. ನಮ್ಮ ಬಾವಿಯಲ್ಲಾದರೆ, ಮೊದಲು ಸಾಲಿನ ಭಾರ ಹೊರುವಷ್ಟು ಎಳೆದು, ಕೇಸಿಂಗ್ ಬಾಯಿಯ ಮಟ್ಟಕ್ಕೆ ಪೈಪಿನ ಮೇಲೆ ಒಂದು ಗೆರೆ ಹಾಕಬೇಕು. ಆಮೇಲೆ ತೂಕ ತೋರಿಸುವ ಕೊಕ್ಕೆಯಲ್ಲಿ ಇನ್ನೊಂದು ಟನ್ ಹೆಚ್ಚು ಎಳೆದು, ಗೆರೆ ಎಷ್ಟು ಮೇಲೆ ಬಂತು ಎಂದು ಅಳೆಯಬೇಕು. ಪೈಪಿನ ತೂಕ, ನೀರಿನ ತೂಕ ಯಾವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅವುಗಳ ಹಿಗ್ಗು ಆಗಲೇ ಮುಗಿದಿದೆ, ಹೊಸ ಟನ್ನಿನ ಹಿಗ್ಗು ಅದರ ಮೇಲೆ ಬೇರೆಯಾಗಿ ಕೂಡಿಕೊಳ್ಳುತ್ತದೆ.

ಒಂದು ಟನ್ನಿಗೆ ಸಿ ಕ್ಲಾಸಿನ 150 ಮೀಟರ್ 13.2 ಮಿ.ಮೀ. ಹಿಗ್ಗುತ್ತದೆ, ಬಿ ಕ್ಲಾಸಿನ 150 ಮೀಟರ್ 16.2. ಗೆರೆ 29 ಮಿ.ಮೀ. ಮೇಲೆ ಬಂದರೆ ಸಾಲು ತಳದವರೆಗೂ ಸಡಿಲವಿದೆ, ಪಂಪೇ ಕಚ್ಚಿಕೊಂಡಿದೆ. 13 ಬಂದರೆ ಪೈಪಿನ ದಪ್ಪ ಬದಲಾಗುವಲ್ಲೇ ಹಿಡಿತ. 20 ಬಂತೆನ್ನಿ: 13.2 ಕಳೆದರೆ ಉಳಿದದ್ದು 6.8, ಅದಕ್ಕೆ ಬಿ ಕ್ಲಾಸಿನಲ್ಲಿ 63 ಮೀಟರ್ ಬೇಕು. ಅಂದರೆ ಮೇಲಿನಿಂದ 213 ಮೀಟರ್, ಸುಮಾರು 700 ಅಡಿಯಲ್ಲಿ ಕಲ್ಲು ಕಚ್ಚಿದೆ. ಅಳತೆಯಲ್ಲಿ ಒಂದು ಮಿ.ಮೀ. ತಪ್ಪಿದರೆ ಜಾಗ ಒಂಬತ್ತು ಮೀಟರ್ ಆಚೀಚೆಯಾಗುತ್ತದೆ. ಪೈಪು ಗೋಡೆಗೆ ಉಜ್ಜುತ್ತಿದ್ದರೆ ಹಿಗ್ಗು ಕಡಿಮೆ ಕಂಡು, ಕಲ್ಲು ನಿಜಕ್ಕಿಂತ ಮೇಲಿದ್ದಂತೆ ತೋರುತ್ತದೆ. ಅದಕ್ಕೇ ಒಂದೆರಡು ಸಲ ಎಳೆದು, ಸಡಿಲಿಸಿ, ಮತ್ತೆ ಎಳೆದು ಗೆರೆ ಅದೇ ಜಾಗಕ್ಕೆ ಬರುತ್ತದೆಯೇ ಎಂದು ನೋಡಬೇಕು. ಎಳೆತ ಹೆಚ್ಚಿಸದಿದ್ದರೂ ಗೆರೆ ತಾನಾಗಿ ಮೇಲೇರತೊಡಗಿದರೆ, ಒಂದೋ ಹಿಡಿತ ಸಡಿಲವಾಗುತ್ತಿದೆ, ಇಲ್ಲವೇ ಎಲ್ಲೋ ಒಂದು ಥ್ರೆಡ್ಡು ಕಿತ್ತುಬರುತ್ತಿದೆ. ಯಾವುದೆಂದು ಖಚಿತವಾಗುವವರೆಗೆ ಪುಲಿಯನ್ನು ಅಲ್ಲಿಗೇ ನಿಲ್ಲಿಸಬೇಕು.