ಒಂದು ಕಾಫಿ ಬೀಜ, ಮೂರು ವಲಯ

ಸಕಲೇಶಪುರದ ಕಡೆಯಿಂದ ಓದುಗರೊಬ್ಬರು ಕೇಳಿದ್ದಾರೆ: ‘ಮಗಳ ಪಾಠದಲ್ಲಿ ಪ್ರಾಥಮಿಕ, ತಯಾರಿಕೆ, ಸೇವೆ ಅಂತ ಮೂರು ವಲಯ ಇವೆ. ನಮ್ಮ ಕಾಫಿ ತೋಟದಲ್ಲಿ ಮೋಟಾರಿನ ಪಲ್ಪರ್ ಇದೆ. ಹಾಗಾದರೆ ನಮ್ಮದು ಕೈಗಾರಿಕೆಯೇ ಸಾರ್?’

ಅಲ್ಲ. ಯಂತ್ರ ಗಡಗಡ ಎಂದರೆ ಕೈಗಾರಿಕೆ ಎಂಬುದು ನಮ್ಮಲ್ಲಿ ಬೇರೂರಿದ ಮೂಢನಂಬಿಕೆ. ಟ್ರ್ಯಾಕ್ಟರಿನಲ್ಲಿ ಉತ್ತರೂ ಅದು ಬೇಸಾಯ. ಕರೆಂಟೇ ಕಾಣದ ಕೈಮಗ್ಗ ತಯಾರಿಕೆ. ಪಲ್ಪರಿನಲ್ಲಿ ಹಣ್ಣಿನ ಸಿಪ್ಪೆ ಕಳಚಿ, ತೊಳೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ ಮಾಡುವವರೆಗೆ ಬೆಳೆಗಾರ ಬೆಳೆಯನ್ನು ಮಾರಾಟಕ್ಕೆ ಹದಗೊಳಿಸುತ್ತಿದ್ದಾನೆ, ಅಷ್ಟೆ. ಅದೇ ಮೂಟೆ ಹಾಸನದ ಕ್ಯೂರಿಂಗ್ ವರ್ಕ್ಸ್ ಸೇರಿ, ಹೊಟ್ಟು ಹಾರಿ, ಗಾತ್ರದ ಪ್ರಕಾರ ಜರಡಿಯಾದರೆ ತಯಾರಿಕೆ. ಹುರಿದು ಪುಡಿ ಮಾಡುವುದೂ ಅದೇ. ಆ ಪುಡಿಯ ಡಿಕಾಕ್ಷನ್‌ಗೆ ಹಾಲು ಬೆರೆಸಿ ಲೋಟದಲ್ಲಿ ತಂದಿಟ್ಟರೆ ಸೇವೆ.

ನನಗೆ ಬಲು ಇಷ್ಟವಾದದ್ದು ತೆರಿಗೆಯವರ ಲೆಕ್ಕ. ಅವರು ಬೀಜವನ್ನೇ ಶೇಕಡಾವಾರು ಕೊಯ್ದಿದ್ದಾರೆ! ಆದಾಯ ತೆರಿಗೆ ನಿಯಮದ ಪ್ರಕಾರ, ತಾನೇ ಬೆಳೆದು ಕ್ಯೂರ್ ಮಾಡಿ ಮಾರಿದವನ ಆದಾಯದಲ್ಲಿ ಶೇ. 25 ಮಾತ್ರ ವ್ಯಾಪಾರದ್ದು, ಉಳಿದದ್ದು ಕೃಷಿಯದು. ಹುರಿದು ಪುಡಿಯನ್ನೂ ಮಾಡಿ ಮಾರಿದರೆ ವ್ಯಾಪಾರದ ಪಾಲು ಶೇ. 40ಕ್ಕೆ ಏರುತ್ತದೆ. ಅಂದರೆ ಹುರಿಯುವ ಬಾಣಲೆಗೆ ಬಿದ್ದ ಮೇಲೂ ಬೀಜದ ಶೇ. 60 ಭಾಗ ಇನ್ನೂ ಗಿಡದಲ್ಲೇ ಇದೆ.

ಅಂಕಿಅಂಶದವರಿಗೆ ಈ ಕೊಯ್ಯುವಿಕೆ ಒಗ್ಗದು, ಒಂದು ಘಟಕಕ್ಕೆ ಒಂದೇ ವಲಯ. ತೋಟ, ಹುರಿಯುವ ಮನೆ, ಎರಡು ಕಾಫಿ ಅಂಗಡಿ, ಎಲ್ಲವೂ ಇರುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ನೋಡಬೇಕಾದದ್ದು ಒಟ್ಟು ಮಾರಾಟವನ್ನಲ್ಲ. ಹೊರಗಿನಿಂದ ಕೊಂಡ ಗೊಬ್ಬರ, ಹಾಲು, ಸಕ್ಕರೆ, ಕರೆಂಟು ಇವುಗಳ ಖರ್ಚು ಕಳೆದು ಉಳಿಯುವ ಮೌಲ್ಯವನ್ನು. ತೋಟದಿಂದ 40 ಲಕ್ಷ, ಹುರಿಯುವ ಮನೆಯಿಂದ 25, ಅಂಗಡಿಗಳಿಂದ 30 ಬಂದರೆ ಕಂಪನಿ ಕೃಷಿಯದು. ಅಂಗಡಿಗಳ ಮಾರಾಟ ಒಂದು ಕೋಟಿ ದಾಟಿದ್ದರೂ ಅಷ್ಟೆ. ಹೂಮಳೆ ಕೈಕೊಟ್ಟು ತೋಟದ ಪಾಲು 20ಕ್ಕೆ ಇಳಿದರೆ ಲೆಕ್ಕದಲ್ಲಿ ಸೇವೆ ಮುಂದಾಗುತ್ತದೆ. ಆದರೆ ಒಂದು ವರ್ಷದ ಏರಿಳಿತಕ್ಕೆಲ್ಲ ಪಟ್ಟಿ ಬದಲಿಸುವುದು ಸರಿಯಲ್ಲ, ಬದಲಾವಣೆ ನೆಲೆಯೂರಿದೆಯೆಂದು ಗೊತ್ತಾಗಬೇಕು.

ಇನ್ನೊಂದು ಗಮ್ಮತ್ತು ಗೇಟಿನಲ್ಲಿದೆ. ಕ್ಯೂರಿಂಗ್ ವರ್ಕ್ಸ್ ಸಂಬಳ ಕೊಡುವ ಕಾವಲುಗಾರ ತಯಾರಿಕೆಯ ಲೆಕ್ಕದವನು. ನಾಳೆ ಅವನನ್ನೇ ಸೆಕ್ಯೂರಿಟಿ ಏಜೆನ್ಸಿಯ ಪಟ್ಟಿಗೆ ದಾಟಿಸಿದರೆ ಸೇವಾ ವಲಯದವನಾಗುತ್ತಾನೆ. ಅದೇ ಸ್ಟೂಲು, ಅದೇ ಟಾರ್ಚು, ಅದೇ ರಾತ್ರಿಪಾಳಿ.