ಗೃಹೋದ್ಯಮದ ಸುದ್ದಿ ವರದಿಗಾರರಿಗೆ ತಿಳಿಸುವ ಕ್ರಮ

ಹಪ್ಪಳ, ಜೋನಿ ಬೆಲ್ಲ, ಉಪ್ಪಿನಕಾಯಿ ಮುಂತಾದವನ್ನು ತಯಾರಿಸುವ ರೈತ ಕುಟುಂಬಗಳು ತಮ್ಮ ಉದ್ಯಮದ ಬಗ್ಗೆ ಪತ್ರಿಕೆಯಲ್ಲಿ ಲೇಖನ ಬರಲೆಂದು ಬಯಸುವುದು ಸಹಜ. ಆದರೆ ಅವರು ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಬದಿಗೆ ಸರಿಯುತ್ತವೆ. ಕಾರಣ ಒಂದೇ: ಪತ್ರದಲ್ಲಿ ಪದಾರ್ಥದ ಹೊಗಳಿಕೆ ಇರುತ್ತದೆ, ಸುದ್ದಿ ಇರುವುದಿಲ್ಲ.

ಸುದ್ದಿ ಯಾವುದು?

ಮಲೆನಾಡಿನ ಒಂದು ಹಲಸಿನ ಹಪ್ಪಳದ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಘಟಕದವರು ಮೊದಲು ಹೀಗೆ ಬರೆದರೆನ್ನಿ: "ನಮ್ಮ ಘಟಕವು ಎರಡು ವರ್ಷ ಪೂರೈಸಿದೆ. ನಮ್ಮ ಹಪ್ಪಳ ಶುದ್ಧ ಹಾಗೂ ರುಚಿಕರ. ತಾವು ಪ್ರಕಟಿಸಿ ಪ್ರೋತ್ಸಾಹಿಸಬೇಕು." ಇದು ಜಾಹೀರಾತು. ವರದಿಗಾರರು ಇದನ್ನು ಓದಿ, ಜಾಹೀರಾತು ವಿಭಾಗಕ್ಕೆ ಹೋಗಲು ಹೇಳಬಹುದು.

ಹಪ್ಪಳ ಕೊಳ್ಳದ ಓದುಗನಿಗೂ ತಿಳಿಯಬೇಕೆನಿಸುವ ಸಂಗತಿ ಯಾವುದೆಂದು ನೋಡಬೇಕು. ಮರದಡಿ ಕೊಳೆಯುತ್ತಿದ್ದ ಹಲಸಿಗೆ ಈಗ ಬೆಲೆ ಬಂದಿದ್ದರೆ ಅದು ಸುದ್ದಿ. ಏಕೆಂದರೆ ಹಲಸಿನ ಮರವುಳ್ಳ ಪ್ರತಿಯೊಬ್ಬನಿಗೂ ಅದು ಸಂಬಂಧಿಸಿದೆ. 2021ರಲ್ಲಿ ಬಾಳೆಕಾಯಿಯ ಹುಡಿ 'ಬಾಕಾಹು' ಎಂಬ ಹೆಸರಿನಿಂದ ಪತ್ರಿಕೆಗಳಲ್ಲಿ ಬಂದುದೂ ಹೀಗೆಯೇ. ಲಾಕ್‌ಡೌನ್ ಕಾಲದಲ್ಲಿ ಬಾಳೆಗೆ ಬೆಲೆಯಿಲ್ಲದೆ ರೈತರು ಕಂಗೆಟ್ಟಿದ್ದರು. ಆಗ ಆ ಕಷ್ಟಕ್ಕೆ ಮನೆಯಲ್ಲೇ ದಾರಿಯಿದೆ ಎಂಬುದು ಸುದ್ದಿಯಾಯಿತು.

ಪತ್ರದ ಮಾದರಿ

ಪತ್ರ ಅರ್ಧ ಪುಟ ಮೀರಬಾರದು. ಮೊದಲ ವಾಕ್ಯದಲ್ಲೇ ಬದಲಾವಣೆಯನ್ನು ಹೇಳಬೇಕು. ಮೇಲಿನ ಘಟಕದವರು ಹೀಗೆ ಬರೆಯಬಹುದು (ಅಂಕಿಗಳು ಮಾದರಿಗಾಗಿ ಮಾತ್ರ):

"ಮಾನ್ಯರೇ, ನಮ್ಮೂರಿನಲ್ಲಿ ಮರದಡಿ ಕೊಳೆಯುತ್ತಿದ್ದ ಹಲಸನ್ನು ಈ ವರ್ಷ 26 ಮನೆಯವರು ಮಾರುತ್ತಿದ್ದಾರೆ. ಕಳೆದ ವರ್ಷ 9 ಮನೆಯವರು ಮಾತ್ರ ಕೊಟ್ಟಿದ್ದರು. ಬಲಿತ ಕಾಯಿಯೊಂದಕ್ಕೆ 15 ರೂಪಾಯಿ ಕೊಟ್ಟು ಕೊಂಡು ನಾವು ಹಪ್ಪಳ ಮಾಡುತ್ತೇವೆ. 7 ಜನ ಹೆಂಗಸರಿಗೆ ಎರಡು ತಿಂಗಳು ಕೆಲಸ ಸಿಕ್ಕಿದೆ. ಮಳೆ ಹಿಡಿದರೆ ಒಣಗಿಸುವ ಕೆಲಸ ನಿಲ್ಲುತ್ತದೆ. ಮೇ 20ರೊಳಗೆ ಬಂದರೆ ಎಲ್ಲವನ್ನೂ ನೋಡಬಹುದು. ಕಾಯಿ ಕೊಡುವ ಇಬ್ಬರು ರೈತರು ತಮ್ಮೊಡನೆ ಮಾತನಾಡಲು ಒಪ್ಪಿದ್ದಾರೆ. ಲೆಕ್ಕದ ಪುಸ್ತಕ ತೋರಿಸುತ್ತೇವೆ."

ಕೆಳಗೆ ಹೆಸರು, ಊರು, ದೂರವಾಣಿ ಸಂಖ್ಯೆ ಇಷ್ಟೇ ಸಾಕು. ಇದರಲ್ಲಿ ಹಪ್ಪಳದ ರುಚಿಯ ಮಾತೇ ಇಲ್ಲವೆಂಬುದನ್ನು ಗಮನಿಸಿರಿ. ರುಚಿಯನ್ನು ವರದಿಗಾರರೇ ನೋಡಿ ಬರೆಯಲಿ. ಘಟಕದ ಹೊರಗಿನ ಇಬ್ಬರು ಮಾತಿಗೆ ಸಿಗುವುದು ಬಹಳ ಮುಖ್ಯ. ಒಡೆಯನ ಮಾತೊಂದನ್ನೇ ನಂಬಿ ಒಳ್ಳೆಯ ವರದಿಗಾರರು ಬರೆಯುವುದಿಲ್ಲ.

ಯಾವಾಗ, ಯಾರಿಗೆ?

ಹಪ್ಪಳ ಮಾರುವ ಕಾಲಕ್ಕಿಂತ ಮಾಡುವ ಕಾಲವೇ ಸುದ್ದಿಗೆ ತಕ್ಕದ್ದು. ಕಾಯಿ ಬೇಯಿಸುವುದು, ಹಿಟ್ಟು ಕುಟ್ಟುವುದು, ಚಾಪೆಯ ಮೇಲೆ ಹರಡುವುದು ಇವೆಲ್ಲ ಚಿತ್ರಕ್ಕೆ ಒದಗುತ್ತವೆ. ಜುಲೈನಲ್ಲಿ ಬರೆದರೆ ತೋರಿಸಲು ಡಬ್ಬಗಳಷ್ಟೇ ಉಳಿದಿರುತ್ತವೆ. ಆದ್ದರಿಂದ ಕೆಲಸ ಆರಂಭವಾದ ವಾರದಲ್ಲೇ ಪತ್ರ ಕಳಿಸಬೇಕು. ಕೃಷಿ ಪುರವಣಿಗಳು ಕೆಲವು ದಿನ ಮುಂಚೆಯೇ ಸಿದ್ಧವಾಗುವುದರಿಂದ ಅವುಗಳಿಗೆ ಇನ್ನೂ ಮೊದಲು ತಿಳಿಸಬೇಕು.

ಪತ್ರಿಕೆಯ ನಾಲ್ಕಾರು ಸಂಚಿಕೆ ಓದಿ, ಇಂಥ ಲೇಖನಗಳನ್ನು ಬರೆಯುವವರು ಯಾರೆಂದು ತಿಳಿದು ಒಬ್ಬರಿಗೇ ಬರೆಯುವುದು ಮೇಲು. ಒಂದೇ ಪತ್ರವನ್ನು ಹತ್ತು ಪತ್ರಿಕೆಗಳಿಗೆ ವಾಟ್ಸ್‌ಆಪ್‌ನಲ್ಲಿ ಕಳಿಸಿದರೆ ಯಾರೂ ತಮ್ಮದೆಂದು ಕೈಗೆತ್ತಿಕೊಳ್ಳುವುದಿಲ್ಲ. ವಾರ ಕಳೆದರೂ ಉತ್ತರ ಬಾರದಿದ್ದರೆ ಒಮ್ಮೆ ಫೋನ್ ಮಾಡಬಹುದು. ಸಂಜೆ ದಿನಪತ್ರಿಕೆಗಳ ಪುಟ ಕಟ್ಟುವ ಹೊತ್ತು; ಬೆಳಗಿನ ಹೊತ್ತು ಅನುಕೂಲ. ಆಗಲೂ ಒಪ್ಪದಿದ್ದರೆ ಇನ್ನೊಬ್ಬರನ್ನು ಕೇಳಬೇಕು.

ಎಚ್ಚರಿಕೆಗಳು

ಕೆಲವರು "ಹಲಸು ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ" ಎಂದು ಬರೆಯುತ್ತಾರೆ. ಆಧಾರವಿಲ್ಲದ ಇಂಥ ಮಾತು ಅಚ್ಚಾದರೆ, ನಂಬಿದ ರೋಗಿ ಔಷಧ ಬಿಟ್ಟಾನು. ಆಹಾರ ಪದಾರ್ಥದ ಬಗ್ಗೆ ಹೀಗೆ ಪ್ರಚಾರ ಮಾಡುವುದು ಕಾನೂನಿಗೂ ವಿರುದ್ಧ. ಆಹಾರ ಸುರಕ್ಷತಾ ನೋಂದಣಿ ಇಲ್ಲದವರು ಅದನ್ನು ಮಾಡಿಸಿಕೊಂಡ ಮೇಲೆಯೇ ಪತ್ರ ಬರೆಯಬೇಕು.

ಲೇಖನವನ್ನು ಮೊದಲೇ ತೋರಿಸಿರೆಂದು ಒತ್ತಾಯಿಸಬಾರದು. ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ತಪ್ಪು ಕಡಿಮೆಯಾಗುತ್ತದೆ. ಹಣ ಕೊಡಲು ಹೋಗಬಾರದು. ಹಣ ಕೇಳುವವರಿದ್ದರೆ ಅದು ಸುದ್ದಿಯಲ್ಲವೆಂದು ತಿಳಿದು ದೂರವಿರಬೇಕು.

ಕೊನೆಯದಾಗಿ, ಲೇಖನ ಬಂದ ದಿನವೇ ನೂರಾರು ಫೋನ್ ಕರೆ ಬರಬಹುದು. ಮನೆಯಲ್ಲಿ 50 ಕಟ್ಟು ಹಪ್ಪಳ ಮಾತ್ರವಿದ್ದರೆ ಬೇಡಿಕೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಕೊಡಬಲ್ಲ ದಿನವನ್ನು ಸರಿಯಾಗಿ ಹೇಳಬೇಕು. ಮುಂಗಡ ಪಡೆದು ಕೊಡಲಾಗದೆ ಹೋದರೆ, ಲೇಖನದಿಂದ ಬಂದ ಹೆಸರು ಅದೇ ತಿಂಗಳಲ್ಲಿ ಕೆಡುತ್ತದೆ.